ವೃತ್ತಪಥದ ಲೆಕ್ಕ: ಹೊರಟ ಜಾಗದಲ್ಲಿ ಮತ್ತೆ ಸೇರುವುದು ಯಾವಾಗ?

ಸುತ್ತುದಾರಿಯೊಂದರಲ್ಲಿ ಒಂದೇ ಜಾಗದಿಂದ, ಒಂದೇ ಹೊತ್ತಿಗೆ ಇಬ್ಬರೋ ಮೂವರೋ ಓಟ ಶುರುಮಾಡುತ್ತಾರೆ. ಪ್ರತಿಯೊಬ್ಬರೂ ತಮ್ಮ ತಮ್ಮ ವೇಗವನ್ನು ಬದಲಿಸದೆ ಓಡುತ್ತಲೇ ಇರುತ್ತಾರೆ. ಅವರೆಲ್ಲ ಹೊರಟ ಜಾಗದಲ್ಲೇ ಮತ್ತೆ ಒಟ್ಟಿಗೆ ಇರುವುದು ಎಷ್ಟು ಹೊತ್ತಿನ ಮೇಲೆ? ಅಂಕಗಣಿತದಲ್ಲಿ ವೃತ್ತಪಥದ ಲೆಕ್ಕ ಎನ್ನುವುದು ಈ ಪ್ರಶ್ನೆಗೆ. ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಗಣಿತ ಪುಸ್ತಕದಲ್ಲಿ ಇದು ಸೋನಿಯಾ ಮತ್ತು ರವಿಯ ಹೆಸರಿನಲ್ಲಿದೆ. ಕ್ರೀಡಾಂಗಣವನ್ನು ಒಂದು ಸುತ್ತು ಬರಲು ಸೋನಿಯಾಳಿಗೆ 18 ನಿಮಿಷ, ರವಿಗೆ 12 ನಿಮಿಷ. ಇಬ್ಬರೂ ಮತ್ತೆ ಸೇರುವುದು 36 ನಿಮಿಷಕ್ಕೆ. ಅಷ್ಟರಲ್ಲಿ ಅವಳದು ಎರಡು ಸುತ್ತು, ಅವನದು ಮೂರು ಸುತ್ತು ಮುಗಿದಿರುತ್ತದೆ.

ದಾರಿ ನಿಜವಾದ ವೃತ್ತವೇ ಆಗಿರಬೇಕಿಲ್ಲ. ಕ್ರೀಡಾಂಗಣದ 400 ಮೀಟರ್ ಟ್ರ್ಯಾಕಿನಲ್ಲಿ ಎರಡು ನೇರ ಭಾಗಗಳೂ ಎರಡು ಅರ್ಧವೃತ್ತಗಳೂ ಇವೆ. ದೇವಸ್ಥಾನದ ಪ್ರದಕ್ಷಿಣೆಯ ದಾರಿ ಬಹಳ ಕಡೆ ಚೌಕವೇ. ಹೊರಟವರು ತಿರುಗಿ ಹೊರಟ ಜಾಗಕ್ಕೇ ಬಂದು ಮುಟ್ಟುವಂಥ ದಾರಿ ಯಾವುದಾದರೂ ಈ ಲೆಕ್ಕಕ್ಕೆ ಆದೀತು.

ಮೂವರು ಓಟಗಾರ್ತಿಯರು

ಒಂದು ಉದಾಹರಣೆಯನ್ನು ಕೊನೆಯವರೆಗೆ ಬಿಡಿಸಿ ನೋಡೋಣ. 400 ಮೀಟರ್ ಟ್ರ್ಯಾಕಿನಲ್ಲಿ ಮೂವರು ಹೊರಡುತ್ತಾರೆ. ಮೊದಲನೆಯವಳಿಗೆ ಒಂದು ಸುತ್ತಿಗೆ 72 ಸೆಕೆಂಡು, ಎರಡನೆಯವಳಿಗೆ 90, ಮೂರನೆಯವಳಿಗೆ 120.

ಗೆರೆಯ ಬಳಿ ಕೈಯಲ್ಲಿ ಗಡಿಯಾರ ಹಿಡಿದು ನಿಂತವರಿಗೆ ಟ್ರ್ಯಾಕಿನ ಉಳಿದ ಭಾಗ ಕಾಣಲೇಬೇಕಿಲ್ಲ. ಮೊದಲನೆಯವಳು ಗೆರೆ ದಾಟುವುದು 72, 144, 216, 288, 360ನೇ ಸೆಕೆಂಡುಗಳಲ್ಲಿ. ಎರಡನೆಯವಳು ದಾಟುವುದು 90, 180, 270, 360ರಲ್ಲಿ. ಮೂರನೆಯವಳು 120, 240, 360ರಲ್ಲಿ. ಮೂರು ಪಟ್ಟಿಗಳಲ್ಲೂ ಮೊದಲ ಬಾರಿಗೆ ಸಿಗುವ ಸಂಖ್ಯೆ 360. ಅಂದರೆ ಆರು ನಿಮಿಷಕ್ಕೆ ಮೂವರೂ ಗೆರೆಯ ಮೇಲೆ ಒಟ್ಟಿಗಿರುತ್ತಾರೆ. ಒಬ್ಬೊಬ್ಬರ ಸುತ್ತಿನ ಅವಧಿಯ ಮಗ್ಗಿಯನ್ನು ಬರೆದು, ಎಲ್ಲ ಮಗ್ಗಿಗಳಲ್ಲೂ ಬರುವ ಅತಿ ಚಿಕ್ಕ ಸಂಖ್ಯೆಯನ್ನು ಹುಡುಕಿದ್ದೇವೆ. ಅದನ್ನೇ ಲಘುತಮ ಸಾಮಾನ್ಯ ಅಪವರ್ತ್ಯ, ಚಿಕ್ಕದಾಗಿ ಲ.ಸಾ.ಅ. ಎನ್ನುತ್ತೇವೆ.

ಪಟ್ಟಿ ಬರೆಯದೆಯೂ ಇದನ್ನು ಪಡೆಯಬಹುದು. 72 ಎಂದರೆ ಮೂರು 2ಗಳೂ ಎರಡು 3ಗಳೂ ಸೇರಿದ ಗುಣಲಬ್ಧ. 90ರಲ್ಲಿ ಒಂದು 2, ಎರಡು 3, ಒಂದು 5 ಇವೆ. 120ರಲ್ಲಿ ಮೂರು 2, ಒಂದು 3, ಒಂದು 5. ನಾವು ಹುಡುಕುವ ಸಂಖ್ಯೆ ಮೂರರಿಂದಲೂ ಶೇಷವಿಲ್ಲದೆ ಭಾಗವಾಗಬೇಕು. ಹಾಗಾಗಲು ಅದರೊಳಗೆ ಮೂರು 2, ಎರಡು 3, ಒಂದು 5 ಇರಲೇಬೇಕು. ಅದಕ್ಕಿಂತ ಹೆಚ್ಚು ಬೇಡ. 8 × 9 × 5 ಮಾಡಿದರೆ ಅದೇ 360.

ಉತ್ತರ ಸರಿಯೇ ಎಂದು ನೋಡಲು ಎರಡು ಪರೀಕ್ಷೆಗಳು ಸಾಕು, ಎರಡನ್ನೂ ಬಾಯಲ್ಲೇ ಮಾಡಬಹುದು. ಮೊದಲನೆಯದು: ಅತಿ ನಿಧಾನದವಳು ಒಂದು ಸುತ್ತಾದರೂ ಮುಗಿಸಬೇಕಾದ್ದರಿಂದ ಉತ್ತರ 120ಕ್ಕಿಂತ ಕಡಿಮೆ ಆಗಲಾರದು. ಎರಡನೆಯದು: ಉತ್ತರವನ್ನು ಒಬ್ಬೊಬ್ಬರ ಅವಧಿಯಿಂದ ಭಾಗಿಸಿ, ಅವರು ಹಾಕಿದ ಸುತ್ತುಗಳನ್ನು ಎಣಿಸಬೇಕು. ಇಲ್ಲಿ 5, 4, 3 ಸುತ್ತುಗಳು. ಮೂರೂ ಪೂರ್ಣಸಂಖ್ಯೆಗಳು, ಮೂರನ್ನೂ ಭಾಗಿಸುವ ಸಂಖ್ಯೆ 1ನ್ನು ಬಿಟ್ಟರೆ ಬೇರೆ ಇಲ್ಲ. ಒಂದು ವೇಳೆ ಸುತ್ತುಗಳು 10, 8, 6 ಎಂದು ಬಂದಿದ್ದರೆ, ಅದರ ಅರ್ಧ ಹೊತ್ತಿನಲ್ಲೇ ಅವರೆಲ್ಲ ಒಮ್ಮೆ ಸೇರಿ ಮುಂದೆ ಹೋಗಿದ್ದಾರೆ ಎಂದು ಅರ್ಥ.

ತಪ್ಪುಗಳು ಎಲ್ಲಿ ಹುಟ್ಟುತ್ತವೆ ಎಂಬುದನ್ನೂ ಇದೇ ಉದಾಹರಣೆಯಲ್ಲಿ ನೋಡಬಹುದು. ಮೂರು ಅವಧಿಗಳನ್ನೂ ಸುಮ್ಮನೆ ಗುಣಿಸಿದರೆ 7,77,600 ಸೆಕೆಂಡು ಬರುತ್ತದೆ. ಇದು ಸರಿಯಾಗಿ ಒಂಬತ್ತು ದಿನ. ಒಂಬತ್ತನೇ ದಿನದ ಕೊನೆಗೆ ಮೂವರೂ ಗೆರೆಯ ಮೇಲಿರುತ್ತಾರೆ ಎಂಬುದೇನೋ ನಿಜ, ಆದರೆ ಅಷ್ಟರಲ್ಲಿ ಅವರು ಎರಡು ಸಾವಿರಕ್ಕೂ ಹೆಚ್ಚು ಸಲ ಅಲ್ಲಿ ಸೇರಿರುತ್ತಾರೆ. ಇನ್ನೊಂದು ತಪ್ಪು ಇದಕ್ಕಿಂತ ಮೋಸದ್ದು. ಎರಡು ಸಂಖ್ಯೆಗಳ ಗುಣಲಬ್ಧವನ್ನು ಅವುಗಳ ಮಹತ್ತಮ ಸಾಮಾನ್ಯ ಅಪವರ್ತನದಿಂದ, ಅಂದರೆ ಮ.ಸಾ.ಅ.ದಿಂದ ಭಾಗಿಸಿದರೆ ಲ.ಸಾ.ಅ. ಸಿಗುತ್ತದೆ. ಈ ಸೂತ್ರವನ್ನು ಬಾಯಿಪಾಠ ಮಾಡಿದವರು ಮೂರು ಸಂಖ್ಯೆಗಳಿಗೂ ಅದನ್ನೇ ಹಚ್ಚುತ್ತಾರೆ. 72, 90, 120ರ ಮ.ಸಾ.ಅ. 6; 7,77,600ನ್ನು 6ರಿಂದ ಭಾಗಿಸಿದರೆ 1,29,600 ಸೆಕೆಂಡು, ಅಂದರೆ 36 ಗಂಟೆ. ಆರು ನಿಮಿಷದ ಉತ್ತರ ಒಂದೂವರೆ ದಿನವಾಯಿತು! ಎರಡಕ್ಕೆ ನಿಜವಾದ ಸೂತ್ರ ಮೂರಕ್ಕೆ ನಿಲ್ಲುವುದಿಲ್ಲ. ಮೊದಲು ಇಬ್ಬರ ಲ.ಸಾ.ಅ. ತೆಗೆದು, ಆ ಉತ್ತರದೊಂದಿಗೆ ಮೂರನೆಯವಳನ್ನು ಸೇರಿಸುವುದೇ ಸರಿಯಾದ ದಾರಿ.

ಕಾಣದ ನಾಲ್ಕನೆಯವಳು

ಕೆಲವು ಪ್ರಶ್ನೆಗಳಲ್ಲಿ ಸುತ್ತಿನ ಅವಧಿಯ ಬದಲು ವೇಗವನ್ನೂ ದಾರಿಯ ಉದ್ದವನ್ನೂ ಕೊಟ್ಟಿರುತ್ತಾರೆ. ನಮ್ಮ ಮೂವರ ವೇಗ ಗಂಟೆಗೆ 20, 16, 12 ಕಿಲೋಮೀಟರ್. ಇಲ್ಲಿಯೂ ಲ.ಸಾ.ಅ.ವನ್ನೇ ತೆಗೆಯಲು ಹೋದರೆ 240 ಬರುತ್ತದೆ. ಆ ಸಂಖ್ಯೆಗೂ ಕೇಳಿದ ಪ್ರಶ್ನೆಗೂ ಸಂಬಂಧವೇ ಇಲ್ಲ. ವೇಗಗಳಿಗೆ ಬೇಕಾದದ್ದು ಮ.ಸಾ.ಅ.

ಯಾಕೆ ಎಂಬುದನ್ನು ಹೀಗೆ ಕಂಡುಕೊಳ್ಳಬಹುದು. 20, 16, 12ರ ಮ.ಸಾ.ಅ. 4. ಗಂಟೆಗೆ 4 ಕಿಲೋಮೀಟರ್‌ನಂತೆ ಅದೇ ಟ್ರ್ಯಾಕಿನಲ್ಲಿ ನಾಲ್ಕನೆಯವಳೊಬ್ಬಳು ನಡೆಯುತ್ತಿದ್ದಾಳೆ ಎಂದುಕೊಳ್ಳಿ. ಉಳಿದವರ ವೇಗ ಅವಳ ವೇಗದ ಐದು, ನಾಲ್ಕು, ಮೂರು ಪಟ್ಟು. ಹಾಗಾಗಿ ಅವಳು ಒಂದು ಸುತ್ತು ಮುಗಿಸಿ ಗೆರೆ ತುಳಿದ ಕ್ಷಣದಲ್ಲಿ ಅವರೂ ಐದು, ನಾಲ್ಕು, ಮೂರು ಸುತ್ತುಗಳನ್ನು ಮುಗಿಸಿ ಗೆರೆಯ ಮೇಲಿರಲೇಬೇಕು. 4 ಅತಿ ದೊಡ್ಡ ಸಾಮಾನ್ಯ ಅಪವರ್ತನವಾದ್ದರಿಂದ ಅದಕ್ಕೂ ಮೊದಲು ಮೂವರೂ ಒಟ್ಟಿಗೆ ಗೆರೆಗೆ ಬರುವುದು ಸಾಧ್ಯವಿಲ್ಲ. ಅವಳು 400 ಮೀಟರ್ ನಡೆಯಲು ಬೇಕಾದ ಹೊತ್ತು ಗಂಟೆಯ ಹತ್ತನೇ ಒಂದು ಭಾಗ, ಅಂದರೆ ಆರು ನಿಮಿಷ. ಪ್ರಶ್ನೆಯಲ್ಲಿ ಹೆಸರೇ ಇಲ್ಲದ ಈ ನಾಲ್ಕನೆಯವಳ ಒಂದು ಸುತ್ತಿನ ಅವಧಿಯೇ ಉತ್ತರ. ವೃತ್ತಪಥದ ಲೆಕ್ಕವನ್ನು ಅರ್ಥಮಾಡಿಕೊಳ್ಳಲು ಇವಳಿಗಿಂತ ಒಳ್ಳೆಯ ದಾರಿ ಇದೆ ಎಂದು ನನಗೆ ತೋರುವುದಿಲ್ಲ.

ಐದನೇ ಶತಮಾನದ ಚೀನಾದ ಗಣಿತಜ್ಞ ಜಾಂಗ್ ಚ್ಯೂಜಿಯನ್ನನ ಗ್ರಂಥದಲ್ಲಿ ಇದೇ ದಾರಿ ಸಿಗುತ್ತದೆ. ಅವನ ಲೆಕ್ಕದಲ್ಲಿ ಬೆಟ್ಟವೊಂದನ್ನು ಸುತ್ತುವ ದಾರಿಯ ಉದ್ದ 325 ಲೀ. ಲೀ ಎಂಬುದು ಅಲ್ಲಿನ ದೂರದ ಅಳತೆ. ಮೂವರು ನಡಿಗೆಯವರು ದಿನಕ್ಕೆ 150, 120, 90 ಲೀ ನಡೆಯುತ್ತಾರೆ. ಹೊರಟ ಜಾಗದಲ್ಲಿ ಅವರು ಸೇರುವುದು ಯಾವಾಗ ಎಂಬ ಪ್ರಶ್ನೆಗೆ ಅವನು ಮೂರು ವೇಗಗಳ ಮ.ಸಾ.ಅ. ತೆಗೆದು, ಬೆಟ್ಟದ ಸುತ್ತಳತೆಯನ್ನು ಅದರಿಂದ ಭಾಗಿಸುತ್ತಾನೆ. 325ನ್ನು 30ರಿಂದ ಭಾಗಿಸಿದರೆ ಹತ್ತು ದಿನ ಮತ್ತು ದಿನದ ಆರನೇ ಐದು ಭಾಗ. ಅಲ್ಲಿಯ ಕಾಣದ ನಡಿಗೆಯವನ ವೇಗ ದಿನಕ್ಕೆ 30 ಲೀ. ಮೂವರು ಹಾಕಿದ ಸುತ್ತುಗಳು 5, 4, 3. ಮೇಲಿನ ಉದಾಹರಣೆಗೆ ನಾನು ಆರಿಸಿಕೊಂಡ ವೇಗಗಳ ಅನುಪಾತ ಅವನ ಬೆಟ್ಟದ ದಾರಿಯದ್ದೇ.

ನಿಜವಾದ ಕ್ರೀಡಾಂಗಣದಲ್ಲಿ ವೇಗದ ಲೆಕ್ಕ ಹಿಡಿದರೆ ಒಂದು ಎಚ್ಚರಿಕೆ ಬೇಕು. 400 ಮೀಟರ್ ಎಂಬ ಅಳತೆ ಒಳಗಿನ ಮೊದಲ ಲೇನಿಗೆ ಮಾತ್ರ. ಅರ್ಧವೃತ್ತದ ತ್ರಿಜ್ಯ 36.5 ಮೀಟರ್, ಲೇನಿನ ಅಗಲ 1.22 ಮೀಟರ್ ಇರುವ ಟ್ರ್ಯಾಕಿನಲ್ಲಿ ಎರಡನೇ ಲೇನಿನ ಸುತ್ತು ಸುಮಾರು 407 ಮೀಟರ್, ಎಂಟನೆಯದು ಸುಮಾರು 453 ಮೀಟರ್. ಮೂವರು ಮೂರು ಲೇನುಗಳಲ್ಲಿ ಓಡಿದರೆ ದಾರಿ ಒಂದೇ ಅಲ್ಲ. ಆಗ ವೇಗಗಳ ಮ.ಸಾ.ಅ. ತಪ್ಪು ಉತ್ತರ ಕೊಡುತ್ತದೆ. ಸುತ್ತಿನ ಅವಧಿಯನ್ನು ಗಡಿಯಾರದಲ್ಲಿ ಅಳೆದಿದ್ದರೆ ಈ ತೊಂದರೆ ಇಲ್ಲ, ಯಾಕೆಂದರೆ ಲೇನಿನ ಉದ್ದ ಆ ಅವಧಿಯೊಳಗೇ ಸೇರಿಹೋಗಿರುತ್ತದೆ.

ಎದುರಾಗುವುದು ಬೇರೆ, ಗೆರೆಯ ಮೇಲೆ ಸೇರುವುದು ಬೇರೆ

ಪರೀಕ್ಷೆಯಲ್ಲಿ ಅಂಕ ಹೋಗುವುದು ಹೆಚ್ಚಾಗಿ ಇಲ್ಲಿಯೇ. ನಮ್ಮ ಮೊದಲನೆಯವಳೂ ಮೂರನೆಯವಳೂ ಒಂದೇ ದಿಕ್ಕಿನಲ್ಲಿ ಓಡಿದರೆ, ಮೊದಲನೆಯವಳು ಗಂಟೆಗೆ 8 ಕಿಲೋಮೀಟರ್‌ನಷ್ಟು ಮುಂದೆ ಹೋಗುತ್ತಿರುತ್ತಾಳೆ. 400 ಮೀಟರ್ ಮುಂದಾಗಲು, ಅಂದರೆ ಹಿಂದಿನಿಂದ ಬಂದು ಅವಳನ್ನು ಹಿಡಿಯಲು, ಮೂರು ನಿಮಿಷ ಸಾಕು. ಆ ಹೊತ್ತಿಗೆ ಒಬ್ಬಳದು ಎರಡೂವರೆ ಸುತ್ತು, ಇನ್ನೊಬ್ಬಳದು ಒಂದೂವರೆ. ಇಬ್ಬರೂ ಒಟ್ಟಿಗಿದ್ದಾರೆ ಎಂಬುದು ಸರಿ, ಆದರೆ ಇರುವುದು ಗೆರೆಯ ನೇರ ಎದುರಿನ ಬದಿಯಲ್ಲಿ. ಗೆರೆಯ ಮೇಲೆ ಸೇರಲು ಇನ್ನೂ ಮೂರು ನಿಮಿಷ ಬೇಕು. ‘ಯಾವಾಗ ಸೇರುತ್ತಾರೆ’ ಎಂದಷ್ಟೇ ಕೇಳಿದರೆ ಮೂರು, ‘ಹೊರಟ ಜಾಗದಲ್ಲಿ’ ಎಂದು ಕೇಳಿದರೆ ಆರು. ಪ್ರಶ್ನೆಯ ಆ ಎರಡು ಪದಗಳ ಮೇಲೆ ಬೆರಳಿಟ್ಟು ಓದಬೇಕು.

ಈಗ ಮೂರನೆಯವಳು ಎದುರು ದಿಕ್ಕಿನಲ್ಲಿ ಓಡಲಿ. ಇಬ್ಬರ ವೇಗ ಕೂಡಿ ಗಂಟೆಗೆ 32 ಕಿಲೋಮೀಟರ್ ಆಗುತ್ತದೆ, ಪ್ರತಿ 45 ಸೆಕೆಂಡಿಗೊಮ್ಮೆ ಅವರು ಮುಖಾಮುಖಿ ಆಗುತ್ತಾರೆ. ಆರು ನಿಮಿಷದಲ್ಲಿ ಎಂಟು ಸಲ, ಟ್ರ್ಯಾಕಿನ ಎಂಟು ಬೇರೆ ಬೇರೆ ಜಾಗಗಳಲ್ಲಿ. ಎಂಟನೆಯ ಭೇಟಿ ಗೆರೆಯ ಮೇಲೆ. ಸುತ್ತುಗಳ ಅನುಪಾತ 5:3. ಒಂದೇ ದಿಕ್ಕಾದರೆ ಭೇಟಿಯ ಜಾಗಗಳು 5ರಿಂದ 3 ಕಳೆದು ಎರಡು, ಎದುರು ದಿಕ್ಕಾದರೆ 5ಕ್ಕೆ 3 ಕೂಡಿ ಎಂಟು. ಅನುಪಾತವನ್ನು ಅತಿ ಚಿಕ್ಕ ರೂಪಕ್ಕೆ ತಂದ ಮೇಲೆಯೇ ಹೀಗೆ ಕೂಡುವುದು, ಕಳೆಯುವುದು. ಗಮನಿಸಬೇಕಾದದ್ದು ಏನೆಂದರೆ, ದಿಕ್ಕು ಬದಲಾದರೂ ಗೆರೆಯ ಮೇಲಿನ ಭೇಟಿ ಆರು ನಿಮಿಷಕ್ಕೇ ನಿಂತಿದೆ. ಗೆರೆ ತುಳಿಯುವ ಹೊತ್ತಿನ ಪಟ್ಟಿಗೆ ಯಾವ ಕಡೆಯಿಂದ ಬಂದರು ಎಂಬ ಹಂಗಿಲ್ಲ. ಸೋನಿಯಾ ಮತ್ತು ರವಿ ಒಂದೇ ದಿಕ್ಕಿನಲ್ಲಿ ಹೋಗುತ್ತಾರೆ ಎಂದು ಪಠ್ಯಪುಸ್ತಕ ಹೇಳುತ್ತದೆ. ಅವರು ಎದುರುಬದುರಾಗಿ ಹೋಗಿದ್ದರೂ ಉತ್ತರ 36 ನಿಮಿಷವೇ.

ಗೋಡೆಯ ಗಡಿಯಾರದಲ್ಲಿ ಈ ಓಟ ಹಗಲಿರುಳೂ ನಡೆದಿದೆ. 12 ಗಂಟೆಗೆ ಎರಡು ಮುಳ್ಳುಗಳೂ ಒಟ್ಟಿಗೆ ಹೊರಡುತ್ತವೆ. ಗಂಟೆಮುಳ್ಳು ಒಂದು ಸುತ್ತು ಬರುವಷ್ಟರಲ್ಲಿ ನಿಮಿಷದ ಮುಳ್ಳು 12 ಸುತ್ತು ಬರುತ್ತದೆ. 12ರಿಂದ 1 ಕಳೆದರೆ 11: ಮುಳ್ಳುಗಳು ಒಂದರ ಮೇಲೊಂದು ಬರುವುದು ಹನ್ನೊಂದು ಜಾಗಗಳಲ್ಲಿ, ಸುಮಾರು ಒಂದು ಗಂಟೆ ಐದೂವರೆ ನಿಮಿಷಕ್ಕೊಮ್ಮೆ. ಅವುಗಳಲ್ಲಿ ಹತ್ತು ಭೇಟಿಗಳು ದಾರಿಯಲ್ಲಿ ಆಗುವಂಥವು. ಹೊರಟ ಜಾಗದಲ್ಲಿ ಆಗುವುದು ಒಂದೇ, ಮತ್ತೆ 12 ಹೊಡೆದಾಗ.

ಭಿನ್ನರಾಶಿಗಳು, ಮತ್ತು ಒಂದು ಸೆಕೆಂಡಿನ ವ್ಯತ್ಯಾಸ

ಅವಧಿಗಳು ಯಾವಾಗಲೂ ಪೂರ್ಣಸಂಖ್ಯೆಯಲ್ಲೇ ಇರುವುದಿಲ್ಲ. ನಮ್ಮ ಮೂವರ ಅವಧಿಯನ್ನು ನಿಮಿಷದಲ್ಲಿ ಬರೆದರೆ 6/5, 3/2 ಮತ್ತು 2 ಆಗುತ್ತದೆ. ಭಿನ್ನರಾಶಿಗಳನ್ನು ಅತಿ ಚಿಕ್ಕ ರೂಪಕ್ಕೆ ಇಳಿಸಿ, ಅಂಶಗಳ ಲ.ಸಾ.ಅ.ವನ್ನು ಛೇದಗಳ ಮ.ಸಾ.ಅ.ದಿಂದ ಭಾಗಿಸಬೇಕು. 6, 3, 2ರ ಲ.ಸಾ.ಅ. 6; 5, 2, 1ರ ಮ.ಸಾ.ಅ. 1; ಉತ್ತರ 6 ನಿಮಿಷ. ಸೂತ್ರ ನೆನಪಿಲ್ಲದಿದ್ದರೂ ನಡೆಯುತ್ತದೆ: ಎಲ್ಲವನ್ನೂ ಸೆಕೆಂಡಿಗೆ ತಿರುಗಿಸಿಕೊಂಡರೆ ಭಿನ್ನರಾಶಿಯೇ ಉಳಿಯುವುದಿಲ್ಲ. ಹಾಗೆ ತಿರುಗಿಸುವುದು ಎಂದರೆ ಛೇದವನ್ನು ಸಮ ಮಾಡುವುದೇ. ಆ ಕೆಲಸಕ್ಕೆ ಲ.ಸಾ.ಅ.ವನ್ನು ಬಳಸಿ ಅದಕ್ಕೆ ‘ನಿರುದ್ಧ’ ಎಂಬ ಹೆಸರು ಕೊಟ್ಟವನು ಒಂಬತ್ತನೇ ಶತಮಾನದ ಮಹಾವೀರಾಚಾರ್ಯ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಅವನು ಬರೆದ ‘ಗಣಿತಸಾರಸಂಗ್ರಹ’ದ ಭಿನ್ನರಾಶಿ ಪ್ರಕರಣದಲ್ಲಿ ಅದು ಬರುತ್ತದೆ.

ಈ ಲೆಕ್ಕದ ಮಿತಿ ಗೊತ್ತಾಗುವುದು ಅವಧಿಯನ್ನು ಕೊಂಚ ಅಲುಗಿಸಿ ನೋಡಿದಾಗ. ಮೂರನೆಯವಳು 120ರ ಬದಲು 121 ಸೆಕೆಂಡು ತೆಗೆದುಕೊಳ್ಳಲಿ. 72 ಮತ್ತು 90ರ ಲ.ಸಾ.ಅ. 360. 121 ಎಂದರೆ 11 × 11. 360ರೊಂದಿಗೆ ಅದಕ್ಕೆ ಸಾಮಾನ್ಯ ಅಪವರ್ತನವೇ ಇಲ್ಲ. ಉತ್ತರ 360 × 121, ಅಂದರೆ 43,560 ಸೆಕೆಂಡು: 12 ಗಂಟೆ 6 ನಿಮಿಷ. ಒಂದೇ ಒಂದು ಸೆಕೆಂಡು ಹೆಚ್ಚಾಗಿದ್ದಕ್ಕೆ ಆರು ನಿಮಿಷದ ಭೇಟಿ ಅರ್ಧ ದಿನದಾಚೆ ಹೋಯಿತು. ಕಾಣದ ನಾಲ್ಕನೆಯವಳು ಈಗ ಗಂಟೆಗೆ ಸುಮಾರು 33 ಮೀಟರ್‌ನಂತೆ ತೆವಳುತ್ತಿದ್ದಾಳೆ.

ಆದರೆ ಮೈದಾನದಲ್ಲಿ ನಿಂತು ನೋಡುವವರಿಗೆ ಹಾಗೆ ಅನ್ನಿಸುವುದಿಲ್ಲ. ಆರನೇ ನಿಮಿಷಕ್ಕೆ ಮೊದಲ ಇಬ್ಬರು ಗೆರೆಯ ಮೇಲಿರುತ್ತಾರೆ, ಮೂರನೆಯವಳು ಮೂರು ಸೆಕೆಂಡು ಹಿಂದೆ, ಸುಮಾರು ಹತ್ತು ಮೀಟರ್ ದೂರದಲ್ಲಿರುತ್ತಾಳೆ. ಕಣ್ಣಿಗೆ ಅದು ‘ಹೆಚ್ಚುಕಡಿಮೆ ಸೇರಿದರು’, ಲ.ಸಾ.ಅ.ಕ್ಕೆ ‘ಹೆಚ್ಚುಕಡಿಮೆ’ ಎಂಬ ಮಾತು ತಿಳಿಯದು. ಗಡಿಯಾರದಲ್ಲಿ ಅಳೆದ ಅವಧಿಗಳಲ್ಲಿ ಯಾವಾಗಲೂ ಚೂರು ದೋಷ ಇದ್ದೇ ಇರುವುದರಿಂದ, ಅಂಥವುಗಳ ಮೇಲೆ ಲ.ಸಾ.ಅ. ತೆಗೆದು ಭೇಟಿಯ ಹೊತ್ತನ್ನು ಹೇಳುವುದು ನಂಬತಕ್ಕದ್ದಲ್ಲ. ಅಲ್ಲಿ ಎಷ್ಟು ಮೀಟರ್ ಅಂತರವನ್ನು ಭೇಟಿ ಎಂದು ಒಪ್ಪುತ್ತೇವೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಇನ್ನು ಇಬ್ಬರ ಅವಧಿಗಳ ಅನುಪಾತ ಭಿನ್ನರಾಶಿಯಲ್ಲಿ ಬರೆಯಲಾಗದಂಥದ್ದಾದರೆ, ಉದಾಹರಣೆಗೆ 1ಕ್ಕೆ √2 ಇದ್ದರೆ, ಅವರು ಗೆರೆಯ ಮೇಲೆ ಮತ್ತೆ ಎಂದಿಗೂ ಸೇರುವುದಿಲ್ಲ. ಹಾಗಿದ್ದರೂ ಎಷ್ಟು ಚಿಕ್ಕ ಅಂತರ ಹೇಳಿದರೂ, ಒಬ್ಬಳು ಗೆರೆಯ ಮೇಲಿದ್ದಾಗ ಇನ್ನೊಬ್ಬಳು ಅದಕ್ಕಿಂತ ಹತ್ತಿರ ಬಂದಿರುವ ಕ್ಷಣ ಮುಂದೆ ಒಂದಲ್ಲ ಒಂದು ದಿನ ಸಿಕ್ಕೇ ಸಿಗುತ್ತದೆ.

ಆಕಾಶದ ಟ್ರ್ಯಾಕು

ಅತಿ ದೊಡ್ಡ ವೃತ್ತಪಥದ ಲೆಕ್ಕ ನಮ್ಮ ಜ್ಯೋತಿಶ್ಶಾಸ್ತ್ರದಲ್ಲಿದೆ. 499ರ ಸುಮಾರಿನ ‘ಆರ್ಯಭಟೀಯ’ದಲ್ಲಿ 43,20,000 ವರ್ಷಗಳ ಒಂದು ಯುಗದಲ್ಲಿ ಪ್ರತಿ ಗ್ರಹ ರಾಶಿಚಕ್ರವನ್ನು ಎಷ್ಟು ಸಲ ಸುತ್ತುತ್ತದೆ ಎಂಬ ಪೂರ್ಣಸಂಖ್ಯೆಗಳಿವೆ. ಸೂರ್ಯನದು 43,20,000 ಸುತ್ತು, ಚಂದ್ರನದು 5,77,53,336, ಮಂಗಳನದು 22,96,824, ಗುರುವಿನದು 3,64,224, ಶನಿಯದು 1,46,564. ಬುಧ ಶುಕ್ರರಿಗೆ ಅವುಗಳ ಶೀಘ್ರೋಚ್ಚಗಳ ಸುತ್ತುಗಳನ್ನು ಕೊಟ್ಟಿದೆ: 1,79,37,020 ಮತ್ತು 70,22,388. ಎಲ್ಲವೂ ಸರಾಸರಿ ಗತಿಯ ಲೆಕ್ಕ. ಗೆರೆಯ ಜಾಗದಲ್ಲಿ ಮೇಷದ ಆದಿ.

ಈ ಏಳೂ ಸಂಖ್ಯೆಗಳು 4ರಿಂದ ಭಾಗವಾಗುತ್ತವೆ. 4ಕ್ಕಿಂತ ದೊಡ್ಡ ಸಾಮಾನ್ಯ ಅಪವರ್ತನ ಇಲ್ಲ ಎಂದು ತೋರಿಸಲು ಸೂರ್ಯ ಮತ್ತು ಶನಿ ಇಬ್ಬರೇ ಸಾಕು. ಸೂರ್ಯನ ಸಂಖ್ಯೆಯ ಕಾಲುಭಾಗ 10,80,000; ಅದರೊಳಗೆ 2, 3, 5 ಬಿಟ್ಟು ಬೇರೆ ಅವಿಭಾಜ್ಯ ಸಂಖ್ಯೆ ಇಲ್ಲ. ಶನಿಯ ಕಾಲುಭಾಗ 36,641. ಅದು ಬೆಸಸಂಖ್ಯೆ, ಅಂಕಿಗಳ ಮೊತ್ತ 20 ಆದ್ದರಿಂದ 3ರಿಂದ ಭಾಗವಾಗದು, ಕೊನೆಯ ಅಂಕಿ 1 ಆದ್ದರಿಂದ 5ರಿಂದಲೂ ಆಗದು. ಹಾಗಾಗಿ ಇಲ್ಲಿಯ ಕಾಣದ ಓಟಗಾರ ಯುಗವೊಂದರಲ್ಲಿ ನಾಲ್ಕೇ ಸುತ್ತು ಬರುವವನು. ಅವನ ಒಂದು ಸುತ್ತು 10,80,000 ವರ್ಷ. ಅಷ್ಟಕ್ಕೊಮ್ಮೆ ಎಲ್ಲ ಗ್ರಹಗಳೂ ಮೇಷದ ಆದಿಯಲ್ಲಿ ಸೇರುತ್ತವೆ. ಆರ್ಯಭಟ ಯುಗವನ್ನು ನಾಲ್ಕು ಸಮಪಾದಗಳಾಗಿ ಮಾಡಿದ್ದೂ ಒಂದೊಂದಕ್ಕೆ ಇದೇ 10,80,000 ವರ್ಷ ಕೊಟ್ಟೇ. ಮೂರು ಪಾದ ಮುಗಿದು ಕ್ರಿ.ಪೂ. 3102ರಲ್ಲಿ ಕಲಿಯುಗ ಹುಟ್ಟಿದಾಗ ಅವನ ಲೆಕ್ಕದಲ್ಲಿ ಸರಾಸರಿ ಗ್ರಹಗಳೆಲ್ಲ ಗೆರೆಯ ಮೇಲಿದ್ದವು.

ಆದರೆ ಆ ಓಟದಲ್ಲಿ ಇನ್ನೂ ಇಬ್ಬರಿದ್ದರು. ಚಂದ್ರನ ಪಾತ, ಅಂದರೆ ರಾಹು, ಯುಗಕ್ಕೆ 2,32,226 ಸುತ್ತು ಬರುತ್ತದೆ. ಆ ಸಂಖ್ಯೆ 2ರಿಂದ ಭಾಗವಾಗುತ್ತದೆ, 4ರಿಂದ ಆಗುವುದಿಲ್ಲ. ಚಂದ್ರೋಚ್ಚದ 4,88,219 ಸುತ್ತುಗಳು ಬೆಸಸಂಖ್ಯೆ. ಮೂರು ಪಾದಗಳಲ್ಲಿ ಚಂದ್ರೋಚ್ಚ ಹಾಕಿದ್ದು 3,66,164 ಸುತ್ತು ಮತ್ತು ಮೇಲೊಂದು ಕಾಲು ಸುತ್ತು, ಪಾತ ಹಾಕಿದ್ದು 1,74,169 ಸುತ್ತು ಮತ್ತು ಮೇಲೊಂದು ಅರ್ಧ. ಅದಕ್ಕೇ ಆರ್ಯಭಟನ ಕ್ರಮದಲ್ಲಿ ಗಣಿತ ಮಾಡುವವರು ಕಲಿಯ ಆರಂಭಕ್ಕೆ ಗ್ರಹಗಳಿಗೆ ಸೊನ್ನೆ ಇಟ್ಟು, ಚಂದ್ರೋಚ್ಚಕ್ಕೆ 90 ಅಂಶವನ್ನೂ ಪಾತಕ್ಕೆ 180 ಅಂಶವನ್ನೂ ಸೇರಿಸಿಕೊಂಡೇ ಮುಂದುವರಿಯಬೇಕು. ಈ ಇಬ್ಬರನ್ನೂ ಕೂಡಿಸಿಕೊಂಡರೆ ಮ.ಸಾ.ಅ. 1ಕ್ಕೆ ಇಳಿಯುತ್ತದೆ, ಎಲ್ಲರೂ ಮೇಷದ ಆದಿಯಲ್ಲಿ ಸೇರಲು ಪೂರ್ತಿ 43,20,000 ವರ್ಷ ಬೇಕಾಗುತ್ತದೆ.